ತೀವ್ರ ಕ್ರೂಪ್‌ನಲ್ಲಿ ನೆಬ್ಯುಲೈಸ್ಡ್ ಅಡ್ರಿನಲಿನ್

ನೆಬ್ಯುಲೈಸ್ಡ್ ಅಡ್ರಿನಲಿನ್ ಎಂದರೆ ಅಡ್ರಿನಲಿನ್ ಎಂಬ ಔಷಧದ ದ್ರಾವಣವನ್ನು ನೆಬ್ಯುಲೈಸರ್ ಉಪಕರಣದ ಮೂಲಕ ಸೂಕ್ಷ್ಮ ಹನಿಗಳ ಮಂಜನ್ನಾಗಿ ಮಾಡಿ, ಮುಖವಾಡದ ಮೂಲಕ ರೋಗಿಗೆ ಉಸಿರಿನೊಂದಿಗೆ ನೀಡುವ ಚಿಕಿತ್ಸೆ. ಚಿಕ್ಕ ಮಕ್ಕಳಿಗೆ ಬರುವ ಕ್ರೂಪ್ ರೋಗವು ತೀವ್ರ ಸ್ವರೂಪ ತಾಳಿದಾಗ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆಯನ್ನು ಬಳಸಲಾಗುತ್ತದೆ. ಇದರ ಪರಿಣಾಮ ಕೆಲವೇ ನಿಮಿಷಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಸುಮಾರು ಎರಡು ಗಂಟೆಗಳಲ್ಲಿ ಮಾಯವಾಗುತ್ತದೆ. ಆದುದರಿಂದ ಔಷಧ ಪಡೆದು ಸುಧಾರಿಸಿದಂತೆ ಕಾಣುವ ಮಗುವನ್ನು ಕೂಡಲೇ ಮನೆಗೆ ಕಳುಹಿಸದೆ, ಸಾಮಾನ್ಯವಾಗಿ ಮೂರರಿಂದ ನಾಲ್ಕು ಗಂಟೆಗಳ ಕಾಲ ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು ಗಮನಿಸಲಾಗುತ್ತದೆ.

## ಕ್ರೂಪ್ ರೋಗ

ಕ್ರೂಪ್ ಎಂಬುದು ಧ್ವನಿಪೆಟ್ಟಿಗೆ ಹಾಗೂ ಅದರ ಕೆಳಗಿನ ಶ್ವಾಸನಾಳದ ಒಳಪದರವು ವೈರಾಣುವಿನ ಸೋಂಕಿನಿಂದ ಊದಿಕೊಳ್ಳುವ ರೋಗ. ಪ್ಯಾರಾಇನ್‌ಫ್ಲುಯೆಂಜಾ ಗುಂಪಿನ ವೈರಾಣುಗಳು, ಅದರಲ್ಲಿಯೂ ಒಂದನೆಯ ಬಗೆಯದು, ಇದಕ್ಕೆ ಪ್ರಮುಖ ಕಾರಣ. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳಲ್ಲಿ ಇದು ಹೆಚ್ಚು. ಒಂದೆರಡು ದಿನಗಳ ನೆಗಡಿಯ ನಂತರ, ಬಹುತೇಕ ರಾತ್ರಿಯ ವೇಳೆ, ಮಗುವು ನಾಯಿ ಬೊಗಳಿದಂತೆ ಕೇಳುವ ಒರಟು ಕೆಮ್ಮಿನೊಂದಿಗೆ ಎಚ್ಚರಗೊಳ್ಳುತ್ತದೆ. ಧ್ವನಿ ಒಡೆದಿರುತ್ತದೆ. ಉಸಿರನ್ನು ಒಳಗೆಳೆದುಕೊಳ್ಳುವಾಗ ಕರ್ಕಶವಾದ ಸದ್ದು ಹೊರಡುತ್ತದೆ. ಈ ಸದ್ದಿಗೆ ವೈದ್ಯಕೀಯದಲ್ಲಿ ಸ್ಟ್ರೈಡರ್ ಎಂದು ಹೆಸರು.

ಕನ್ನಡದಲ್ಲಿ ನಾಯಿಕೆಮ್ಮು ಎಂಬ ಹೆಸರು ಬೇರೊಂದು ರೋಗಕ್ಕೆ ಸಲ್ಲುತ್ತದೆ. ಅದು ಪರ್ಟುಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು. ಅದರಲ್ಲಿ ವಾರಗಟ್ಟಲೆ ಬಿಟ್ಟುಬಿಟ್ಟು ಬರುವ ದೀರ್ಘ ಕೆಮ್ಮು ಮುಖ್ಯ ಲಕ್ಷಣ. ಕ್ರೂಪ್‌ನ ಕೆಮ್ಮಿನ ಸದ್ದು ನಾಯಿಯ ಬೊಗಳುವಿಕೆಯನ್ನು ಹೋಲುತ್ತದೆಯಾದರೂ ಈ ಎರಡು ರೋಗಗಳಿಗೆ ಸಂಬಂಧವಿಲ್ಲ, ಚಿಕಿತ್ಸೆಯೂ ಒಂದೇ ಅಲ್ಲ.

ಹೆಚ್ಚಿನ ಮಕ್ಕಳಲ್ಲಿ ಕ್ರೂಪ್ ಸೌಮ್ಯವಾಗಿದ್ದು ಎರಡು ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅತ್ತಾಗ ಅಥವಾ ಓಡಾಡಿದಾಗ ಮಾತ್ರ ಸದ್ದು ಕೇಳಿಸುವ ಮಗುವಿಗೆ ಅಡ್ರಿನಲಿನ್ ಅಗತ್ಯವಿಲ್ಲ. ಶಾಂತವಾಗಿ ಕುಳಿತಿರುವಾಗಲೂ ಉಸಿರಿನ ಸದ್ದು ಕೇಳುತ್ತಿದ್ದು, ಅದರೊಂದಿಗೆ ಪಕ್ಕೆಲುಬುಗಳ ನಡುವಿನ ಭಾಗ ಹಾಗೂ ಎದೆಯ ಮೂಳೆಯ ಕೆಳಭಾಗವು ಪ್ರತಿ ಉಸಿರಿಗೂ ಆಳವಾಗಿ ಒಳಸೇದುತ್ತಿದ್ದರೆ, ಮಗುವು ಚಡಪಡಿಸುತ್ತಿದ್ದರೆ, ಅದನ್ನು ತೀವ್ರ ಕ್ರೂಪ್ ಎಂದು ಪರಿಗಣಿಸಲಾಗುತ್ತದೆ.

## ಸಣ್ಣ ಊತ, ದೊಡ್ಡ ಅಡಚಣೆ

ವಯಸ್ಕರಲ್ಲಿ ಇದೇ ವೈರಾಣು ಬರಿಯ ಗಂಟಲು ಕಟ್ಟುವಿಕೆಯನ್ನು ಉಂಟುಮಾಡಿದರೆ, ಚಿಕ್ಕ ಮಗುವಿನಲ್ಲಿ ಪ್ರಾಣಕ್ಕೇ ಅಪಾಯ ತರಬಲ್ಲದು. ಇದಕ್ಕೆ ಕಾರಣ ಶ್ವಾಸಮಾರ್ಗದ ಅಳತೆ. ಸ್ವರತಂತುಗಳ ಕೆಳಗೆ ಕ್ರಿಕಾಯ್ಡ್ ಎಂಬ ಮೃದ್ವಸ್ಥಿಯು ಪೂರ್ಣ ಉಂಗುರದಂತೆ ಶ್ವಾಸಮಾರ್ಗವನ್ನು ಸುತ್ತುವರಿದಿದೆ. ಶ್ವಾಸನಾಳದ ಉಳಿದ ಭಾಗದಲ್ಲಿ ಮೃದ್ವಸ್ಥಿಯು ಹಿಂಬದಿಯಲ್ಲಿ ತೆರೆದಿರುತ್ತದೆ. ಕ್ರಿಕಾಯ್ಡ್‌ನಲ್ಲಿ ಅಂತಹ ತೆರಪಿಲ್ಲ. ಒಳಪದರ ಊದಿಕೊಂಡರೆ ಅದಕ್ಕೆ ಹೊರಗೆ ಚಾಚಲು ಜಾಗವಿರುವುದಿಲ್ಲ. ಒಳಮುಖವಾಗಿ ಬೆಳೆದು ಗಾಳಿಯ ದಾರಿಯನ್ನೇ ಕಿರಿದುಗೊಳಿಸುತ್ತದೆ.

ಕೊಳವೆಯೊಂದರಲ್ಲಿ ಹರಿವು ನಯವಾಗಿರುವಾಗ ಅದಕ್ಕೆ ಒದಗುವ ತಡೆಯು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಹಸುಳೆಯ ಶ್ವಾಸಮಾರ್ಗದ ವ್ಯಾಸ 4 ಮಿ.ಮೀ. ಎಂದು ಇಟ್ಟುಕೊಂಡರೆ, ಸುತ್ತಲೂ 1 ಮಿ.ಮೀ. ಊತ ಬಂದಾಗ ಉಳಿಯುವ ವ್ಯಾಸ 2 ಮಿ.ಮೀ. ವ್ಯಾಸ ಅರ್ಧವಾದಾಗ ದಾರಿಯ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ, ತಡೆಯು ಹದಿನಾರು ಪಟ್ಟು ಹೆಚ್ಚುತ್ತದೆ. ವಯಸ್ಕರ 8 ಮಿ.ಮೀ. ವ್ಯಾಸದ ಮಾರ್ಗದಲ್ಲಿ ಅಷ್ಟೇ ಊತ ಬಂದರೆ ತಡೆಯು ಸುಮಾರು ಮೂರು ಪಟ್ಟು ಮಾತ್ರ ಹೆಚ್ಚುತ್ತದೆ. ಮಗು ಅತ್ತಾಗ ಗಾಳಿಯ ಹರಿವು ವೇಗವಾಗಿ ಸುಳಿಗಳಿಂದ ಕೂಡುವುದರಿಂದ ತಡೆಯು ಇನ್ನೂ ಏರುತ್ತದೆ. ಈ ಕಾರಣದಿಂದಲೇ ಕ್ರೂಪ್ ಇರುವ ಮಗುವನ್ನು ತಾಯಿ ಅಥವಾ ತಂದೆಯ ಮಡಿಲಿನಿಂದ ಬಿಡಿಸದೆ, ಗಂಟಲಿಗೆ ಪಟ್ಟಿ ಹಾಕಿ ನೋಡದೆ, ಅಳಿಸದೆ ಚಿಕಿತ್ಸೆ ನೀಡುವುದು ರೂಢಿ.

ಈ ಲೆಕ್ಕವು ಚಿಕಿತ್ಸೆಯ ತರ್ಕವನ್ನೂ ತಿಳಿಸುತ್ತದೆ. ಊತವು ಸ್ವಲ್ಪ ಇಳಿದರೂ ಉಸಿರಾಟ ಬಹಳ ಸುಲಭವಾಗುತ್ತದೆ; ಅದೇ ಊತ ಸ್ವಲ್ಪ ಮರಳಿ ಬಂದರೂ ಸ್ಥಿತಿ ಬೇಗನೆ ಕೆಡುತ್ತದೆ.

## ಔಷಧ ಕೆಲಸ ಮಾಡುವ ಬಗೆ

ಅಡ್ರಿನಲಿನ್ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ದೇಹದಲ್ಲಿಯೇ ಉತ್ಪತ್ತಿಯಾಗುವ ಹಾರ್ಮೋನು. ಅಮೆರಿಕ ಮುಂತಾದೆಡೆ ಇದನ್ನು ಎಪಿನೆಫ್ರಿನ್ ಎನ್ನುತ್ತಾರೆ. ಊದಿಕೊಂಡ ಒಳಪದರದ ಮೇಲೆ ಇದರ ಹನಿಗಳು ಬಿದ್ದಾಗ, ಅಲ್ಲಿನ ಸಣ್ಣ ರಕ್ತನಾಳಗಳ ಆಲ್ಫಾ ಗ್ರಾಹಿಗಳ ಮೇಲೆ ವರ್ತಿಸಿ ಅವುಗಳನ್ನು ಸಂಕುಚಿತಗೊಳಿಸುತ್ತದೆ. ಲೋಮನಾಳಗಳಿಗೆ ಹರಿಯುವ ರಕ್ತ ಕಡಿಮೆಯಾಗಿ, ಅವುಗಳೊಳಗಿನ ಒತ್ತಡ ಇಳಿಯುತ್ತದೆ. ಆಗ ಅಂಗಾಂಶಕ್ಕೆ ಸೋರುತ್ತಿದ್ದ ದ್ರವ ನಿಲ್ಲುತ್ತದೆ, ಸೋರಿದ್ದ ದ್ರವದ ಒಂದು ಭಾಗವು ರಕ್ತನಾಳಕ್ಕೆ ಮರಳಿ ಹೀರಲ್ಪಡುತ್ತದೆ. ಊತ ತಗ್ಗಿ ದಾರಿ ಅಗಲವಾಗುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿ ವೈರಾಣುವಿಗಾಗಲಿ, ಅದು ಹುಟ್ಟುಹಾಕಿದ ಉರಿಯೂತಕ್ಕಾಗಲಿ ಏನೂ ಆಗಿರುವುದಿಲ್ಲ. ರಕ್ತನಾಳಗಳನ್ನು ಸ್ವಲ್ಪ ಹೊತ್ತು ಬಿಗಿಹಿಡಿದಂತಾಗಿದೆ ಅಷ್ಟೆ. ಔಷಧವು ದೇಹದಲ್ಲಿ ಕರಗಿಹೋದ ಕೂಡಲೇ ರಕ್ತನಾಳಗಳು ಮತ್ತೆ ಹಿಗ್ಗುತ್ತವೆ, ದ್ರವ ಮತ್ತೆ ಸೋರತೊಡಗುತ್ತದೆ.

## ಪ್ರಮಾಣ

ಬಳಸುವ ದ್ರಾವಣವು 1:1000 ಸಾಂದ್ರತೆಯದು. ಇದರ ಅರ್ಥ 1000 ಮಿ.ಲೀ. ದ್ರಾವಣದಲ್ಲಿ 1 ಗ್ರಾಂ ಔಷಧ, ಅಂದರೆ ಪ್ರತಿ ಮಿ.ಲೀ.ಗೆ 1 ಮಿ.ಗ್ರಾಂ. ಭಾರತದ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ದೊರೆಯುವ 1 ಮಿ.ಲೀ. ಅಡ್ರಿನಲಿನ್ ಆಂಪ್ಯೂಲ್ ಇದೇ ಸಾಂದ್ರತೆಯದಾಗಿರುತ್ತದೆ.

ರೂಢಿಯಲ್ಲಿರುವ ಪ್ರಮಾಣವು ಮಗುವಿನ ತೂಕದ ಪ್ರತಿ ಕಿಲೋಗ್ರಾಂಗೆ 0.5 ಮಿ.ಲೀ.; ಒಂದು ಬಾರಿಗೆ ಗರಿಷ್ಠ 5 ಮಿ.ಲೀ., ಅಂದರೆ 5 ಮಿ.ಗ್ರಾಂ. ಬ್ರಿಟನ್ನಿನ ಮಕ್ಕಳ ಔಷಧ ಕೈಪಿಡಿಯು ಪ್ರತಿ ಕಿಲೋಗ್ರಾಂಗೆ 0.4 ಮಿ.ಲೀ. ಎಂದು ಸೂಚಿಸುತ್ತದೆ, ಅಲ್ಲಿಯೂ ಗರಿಷ್ಠ ಮಿತಿ 5 ಮಿ.ಗ್ರಾಂ. ಕೆನಡಾ ಮತ್ತು ಆಸ್ಟ್ರೇಲಿಯಾದ ಹಲವು ಆಸ್ಪತ್ರೆಗಳಲ್ಲಿ ತೂಕವನ್ನು ಲೆಕ್ಕಿಸದೆ ಎಲ್ಲ ಮಕ್ಕಳಿಗೂ 5 ಮಿ.ಲೀ. ನೀಡಲಾಗುತ್ತದೆ. ಈ ವ್ಯತ್ಯಾಸ ಮೇಲ್ನೋಟಕ್ಕೆ ಗೊಂದಲವೆನಿಸಬಹುದು. ಆದರೆ ಮಗುವಿನ ಒಳಗೆ ಸೇರುವ ಔಷಧದ ಪ್ರಮಾಣವನ್ನು ಬಟ್ಟಲಿಗೆ ಸುರಿದ ಪ್ರಮಾಣಕ್ಕಿಂತ ಹೆಚ್ಚಾಗಿ ಉಸಿರೇ ನಿರ್ಧರಿಸುತ್ತದೆ. ಚಿಕ್ಕ ಮಗು ಪ್ರತಿ ಉಸಿರಿಗೆ ಕಡಿಮೆ ಗಾಳಿಯನ್ನು ಎಳೆದುಕೊಳ್ಳುವುದರಿಂದ ಕಡಿಮೆ ಔಷಧವನ್ನೂ ಪಡೆಯುತ್ತದೆ. ಉಳಿದ ಮಂಜು ಮುಖವಾಡದ ಅಂಚಿನಿಂದ ಹೊರಹೋಗುತ್ತದೆ.

ದ್ರಾವಣವನ್ನು ದುರ್ಬಲಗೊಳಿಸದೆ ಹಾಗೆಯೇ ಬಳಸಲಾಗುತ್ತದೆ. ಆದರೆ ನೆಬ್ಯುಲೈಸರ್‌ನ ಬಟ್ಟಲಿನಲ್ಲಿ ಕೊನೆಗೆ ಸ್ವಲ್ಪ ದ್ರವ ಮಂಜಾಗದೆ ಉಳಿದುಬಿಡುವುದರಿಂದ, ತೀರ ಚಿಕ್ಕ ಮಗುವಿಗೆ ಅಳೆದ ಪ್ರಮಾಣ ಬಹಳ ಕಡಿಮೆಯಿದ್ದರೆ ಲವಣದ್ರಾವಣವನ್ನು ಸೇರಿಸಿ ಸುಮಾರು 3 ಮಿ.ಲೀ.ಗೆ ತರಲಾಗುತ್ತದೆ. ನೆಬ್ಯುಲೈಸರನ್ನು ನಿಮಿಷಕ್ಕೆ 6ರಿಂದ 8 ಲೀಟರ್ ಆಮ್ಲಜನಕದ ಹರಿವಿನಿಂದ ನಡೆಸಲಾಗುತ್ತದೆ. ಇದರಿಂದ ಔಷಧದೊಂದಿಗೆ ಆಮ್ಲಜನಕವೂ ದೊರೆಯುತ್ತದೆ. ಮುಖವಾಡ ಕಂಡು ಮಗು ಹೆದರಿದರೆ, ಪೋಷಕರು ಅದನ್ನು ಮುಖದ ಹತ್ತಿರ ಹಿಡಿದುಕೊಳ್ಳುತ್ತಾರೆ.

### ರೇಸಿಮಿಕ್ ಅಡ್ರಿನಲಿನ್

ಉತ್ತರ ಅಮೆರಿಕದಲ್ಲಿ ಬಹುಕಾಲ ರೇಸಿಮಿಕ್ ಎಂಬ ಬೇರೊಂದು ರೂಪ ಬಳಕೆಯಲ್ಲಿತ್ತು, ಈಗಲೂ ಇದೆ. ಅಡ್ರಿನಲಿನ್ ಅಣುವಿಗೆ ಬಲಗೈ ಎಡಗೈಗಳಂತೆ ಒಂದಕ್ಕೊಂದು ಪ್ರತಿಬಿಂಬವಾದ ಎರಡು ರೂಪಗಳಿವೆ. ದೇಹದಲ್ಲಿ ಉತ್ಪತ್ತಿಯಾಗುವುದೂ, ಪ್ರಬಲವಾಗಿ ಕೆಲಸ ಮಾಡುವುದೂ ಎಡ ರೂಪ. ರೇಸಿಮಿಕ್ ದ್ರಾವಣದಲ್ಲಿ ಎರಡೂ ಸಮಪಾಲಿನಲ್ಲಿರುತ್ತವೆ. ಶೇ. 2.25ರ ಈ ದ್ರಾವಣದ 0.5 ಮಿ.ಲೀ.ನಲ್ಲಿ ಒಟ್ಟು 11.25 ಮಿ.ಗ್ರಾಂ ಔಷಧವಿದ್ದು, ಅದರ ಅರ್ಧ, ಅಂದರೆ ಸುಮಾರು 5.6 ಮಿ.ಗ್ರಾಂ, ಎಡ ರೂಪದ್ದು. ಸಾಮಾನ್ಯ ಅಡ್ರಿನಲಿನ್‌ನ 5 ಮಿ.ಗ್ರಾಂಗೆ ಇದು ಬಹುಮಟ್ಟಿಗೆ ಸಮ. ರೇಸಿಮಿಕ್ ರೂಪದಿಂದ ಅಡ್ಡಪರಿಣಾಮ ಕಡಿಮೆ ಎಂಬ ನಂಬಿಕೆ ಮೊದಲು ಇತ್ತು. 1992ರಲ್ಲಿ ವೈಸ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಹೋಲಿಕೆಯ ಅಧ್ಯಯನದಲ್ಲಿ ಸಾಮಾನ್ಯ ಅಡ್ರಿನಲಿನ್ ಅಷ್ಟೇ ಪರಿಣಾಮಕಾರಿ ಹಾಗೂ ಅಷ್ಟೇ ಸುರಕ್ಷಿತ ಎಂದು ಕಂಡುಬಂದಿತು. ಆದ್ದರಿಂದ ರೇಸಿಮಿಕ್ ರೂಪ ದೊರೆಯದ ಸ್ಥಳಗಳಲ್ಲಿ ಆಂಪ್ಯೂಲ್‌ನ ಸಾಮಾನ್ಯ ಅಡ್ರಿನಲಿನ್ ಬಳಸುವುದರಿಂದ ಕೊರತೆಯೇನೂ ಇಲ್ಲ.

### ಪ್ರಮಾಣದಲ್ಲಿ ಆಗಬಹುದಾದ ಪ್ರಮಾದ

ಅಡ್ರಿನಲಿನ್ ತೀವ್ರ ಅಲರ್ಜಿಗೂ ಔಷಧವೇ. ಆದರೆ ಅಲರ್ಜಿಯ ಆಘಾತದಲ್ಲಿ ಮಾಂಸಖಂಡಕ್ಕೆ ಚುಚ್ಚುವ ಪ್ರಮಾಣ ಪ್ರತಿ ಕಿಲೋಗ್ರಾಂಗೆ 0.01 ಮಿ.ಗ್ರಾಂ ಮಾತ್ರ. ನೆಬ್ಯುಲೈಸರ್‌ಗೆ ಹಾಕುವ ಪ್ರಮಾಣ ಇದರ ಐವತ್ತು ಪಟ್ಟು. ಮಂಜಿನ ರೂಪದಲ್ಲಿ ನೀಡಿದ ಔಷಧದ ಬಹುಭಾಗ ಗಾಳಿಯಲ್ಲಿ, ಮುಖವಾಡದಲ್ಲಿ ಮತ್ತು ಬಾಯಿಯಲ್ಲಿಯೇ ಉಳಿದು, ರಕ್ತಕ್ಕೆ ಸೇರುವುದು ಅತ್ಯಲ್ಪವಾದ್ದರಿಂದ ಇಷ್ಟು ದೊಡ್ಡ ಪ್ರಮಾಣ ಸಹ್ಯವಾಗುತ್ತದೆ. ಅದೇ ಸಿರಿಂಜನ್ನು ತಪ್ಪಿ ರಕ್ತನಾಳಕ್ಕೆ ಚುಚ್ಚಿದರೆ ಪರಿಣಾಮ ಮಾರಕವಾಗಬಲ್ಲದು. ಆದುದರಿಂದ ನೆಬ್ಯುಲೈಸರ್‌ಗಾಗಿ ಎಳೆದುಕೊಂಡ ಔಷಧವನ್ನು ಕೂಡಲೇ ಬಟ್ಟಲಿಗೆ ಸುರಿಯುವುದು, ಸಿರಿಂಜಿನ ಮೇಲೆ ಮಾರ್ಗವನ್ನು ಬರೆಯುವುದು ಅವಶ್ಯಕ.

ಇನ್ನೊಂದು ಪ್ರಮಾದ ಇದಕ್ಕೆ ವಿರುದ್ಧವಾದದ್ದು. ಹೃದಯಸ್ತಂಭನದ ಚಿಕಿತ್ಸೆಗೆ ಸಿದ್ಧಪಡಿಸಿದ 1:10,000 ದ್ರಾವಣವನ್ನು ತಪ್ಪಾಗಿ ಬಳಸಿದರೆ ಮಗುವಿಗೆ ಸಲ್ಲುವುದು ಹತ್ತನೆಯ ಒಂದು ಭಾಗ ಮಾತ್ರ. ಚಿಕಿತ್ಸೆ ಕೊಟ್ಟಂತೆ ಕಂಡರೂ ಊತ ಇಳಿಯುವುದಿಲ್ಲ. ಅನುಪಾತದ ಬರವಣಿಗೆಯಿಂದ ಉಂಟಾಗುವ ಇಂತಹ ಗೊಂದಲಗಳ ಕಾರಣ ಅಮೆರಿಕದಲ್ಲಿ 2016ರಿಂದ ಅಡ್ರಿನಲಿನ್ ಲೇಬಲ್‌ಗಳಲ್ಲಿ ಅನುಪಾತವನ್ನು ಕೈಬಿಟ್ಟು, ಪ್ರತಿ ಮಿ.ಲೀ.ಗೆ ಎಷ್ಟು ಮಿ.ಗ್ರಾಂ ಎಂದು ಮಾತ್ರ ನಮೂದಿಸಲಾಗುತ್ತಿದೆ.

## ಪರಿಣಾಮದ ಅವಧಿ

ನೆಬ್ಯುಲೈಸರ್ ಆರಂಭಿಸಿದ ಸುಮಾರು ಹತ್ತು ನಿಮಿಷಗಳಲ್ಲಿ ಉಸಿರಾಟ ಹಗುರವಾಗತೊಡಗುತ್ತದೆ. ಅರ್ಧ ಗಂಟೆಯ ಹೊತ್ತಿಗೆ ಸುಧಾರಣೆ ಗರಿಷ್ಠ ಮಟ್ಟದಲ್ಲಿರುತ್ತದೆ. ಎರಡು ಗಂಟೆಗಳ ಹೊತ್ತಿಗೆ ಪರಿಣಾಮ ಬಹುತೇಕ ಇಲ್ಲವಾಗಿರುತ್ತದೆ.

ಈ ಅವಧಿಯನ್ನು ಸ್ಪಷ್ಟವಾಗಿ ತೋರಿಸಿದ್ದು 1978ರಲ್ಲಿ ವೆಸ್ಟ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಕೆಲವು ಮಕ್ಕಳಿಗೆ ಅಡ್ರಿನಲಿನ್, ಕೆಲವರಿಗೆ ಬರಿಯ ಲವಣದ್ರಾವಣ ನೀಡಿ, ಯಾರಿಗೆ ಯಾವುದು ಸಂದಿದೆ ಎಂಬುದನ್ನು ಪರೀಕ್ಷಕರಿಂದ ಮರೆಮಾಚಿ ಹೋಲಿಸಲಾಯಿತು. ಹತ್ತು ಮತ್ತು ಮೂವತ್ತು ನಿಮಿಷಗಳಲ್ಲಿ ಅಡ್ರಿನಲಿನ್ ಪಡೆದವರು ಉತ್ತಮ ಸ್ಥಿತಿಯಲ್ಲಿದ್ದರು. ನೂರ ಇಪ್ಪತ್ತು ನಿಮಿಷಗಳ ಹೊತ್ತಿಗೆ ಎರಡೂ ಗುಂಪುಗಳ ನಡುವೆ ಅಂತರ ಉಳಿದಿರಲಿಲ್ಲ.

ಈ ಅಧ್ಯಯನಕ್ಕೆ ರೂಪಿಸಿದ ಅಂಕಪಟ್ಟಿಯು ವೆಸ್ಟ್ಲಿ ಅಂಕ ಎಂದು ಇಂದಿಗೂ ಬಳಕೆಯಲ್ಲಿದೆ. ಉಸಿರಿನ ಸದ್ದು, ಎದೆಯ ಒಳಸೇದುವಿಕೆ, ಗಾಳಿಯ ಒಳಹರಿವು, ಮೈ ನೀಲಿಗಟ್ಟುವಿಕೆ ಮತ್ತು ಪ್ರಜ್ಞೆಯ ಮಟ್ಟ ಎಂಬ ಐದು ಅಂಶಗಳಿಗೆ ಒಟ್ಟು 17 ಅಂಕಗಳು. ಸಾಮಾನ್ಯವಾಗಿ 8 ಅಥವಾ ಹೆಚ್ಚು ಅಂಕ ಬಂದರೆ ತೀವ್ರ ಎನ್ನಲಾಗುತ್ತದೆ. ಇದರಲ್ಲೊಂದು ಮಿತಿಯಿದೆ. ಮೊದಲ ಮೂರು ಅಂಶಗಳಿಗೆ ದೊರೆಯಬಹುದಾದ ಗರಿಷ್ಠ ಅಂಕಗಳು ಕ್ರಮವಾಗಿ 2, 3 ಮತ್ತು 2. ಒಟ್ಟು 7 ಮಾತ್ರ. ಮಗು ನೀಲಿಗಟ್ಟುವ ಅಥವಾ ಪ್ರಜ್ಞೆ ಮಂಕಾಗುವ ತನಕ ಅಂಕವು 8ನ್ನು ಮುಟ್ಟುವುದೇ ಇಲ್ಲ. ಆದುದರಿಂದ ಅಡ್ರಿನಲಿನ್ ನೀಡುವ ನಿರ್ಧಾರವನ್ನು ಅಂಕಕ್ಕಾಗಿ ಕಾಯದೆ, ಶಾಂತ ಸ್ಥಿತಿಯಲ್ಲಿಯೂ ಇರುವ ಸದ್ದು ಮತ್ತು ಉಸಿರಿಗಾಗಿ ಪಡುತ್ತಿರುವ ಶ್ರಮವನ್ನು ನೋಡಿ ಕೈಗೊಳ್ಳಲಾಗುತ್ತದೆ.

## ಗಂಟೆಗಟ್ಟಲೆ ಗಮನಿಸುವುದೇಕೆ

ಅಡ್ರಿನಲಿನ್ ಪಡೆದ ಅರ್ಧ ಗಂಟೆಯ ನಂತರ ಮಗು ನಗುತ್ತ ಆಡುತ್ತಿರಬಹುದು. ಮಗು ಗುಣವಾಯಿತೆಂದು ಪೋಷಕರಿಗೆ ಅನ್ನಿಸುವುದು ಸಹಜ. ಆದರೆ ಅದು ಔಷಧದ ಪರಿಣಾಮ ಗರಿಷ್ಠವಾಗಿರುವ ಗಳಿಗೆ. ಆ ಹೊತ್ತಿನಲ್ಲಿ ಮನೆಗೆ ಹೊರಟರೆ, ಪರಿಣಾಮ ಇಳಿಯುವ ವೇಳೆಗೆ ಮಗು ದಾರಿಯಲ್ಲಿಯೋ ಮನೆಯಲ್ಲಿ ನಿದ್ರೆಯಲ್ಲಿಯೋ ಇರುತ್ತದೆ.

ಔಷಧ ಇಳಿದಾಗ ರೋಗ ಮರುಕಳಿಸುವುದನ್ನು ವೈದ್ಯರು ರೀಬೌಂಡ್ ಎಂದು ಕರೆಯುತ್ತ ಬಂದಿದ್ದಾರೆ. ಈ ಪದವು ಚೆಂಡು ಪುಟಿದಂತೆ ರೋಗವು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ ಎಂಬ ಭಾವನೆಯನ್ನು ಹುಟ್ಟಿಸುತ್ತದೆ. ಔಷಧವೇ ರೋಗವನ್ನು ಉಲ್ಬಣಿಸುತ್ತದೆ ಎಂಬುದಕ್ಕೆ ಆಧಾರ ಕಂಡುಬಂದಿಲ್ಲ. ಊತವು ಔಷಧಕ್ಕೆ ಮುಂಚೆ ಇದ್ದ ಮಟ್ಟಕ್ಕೆ ಹಿಂದಿರುಗುತ್ತದೆ ಅಷ್ಟೆ. ಆದರೆ ಆ ಎರಡು ಗಂಟೆಗಳಲ್ಲಿ ವೈರಾಣುವಿನ ಕೆಲಸವೂ ಮುಂದುವರಿದಿದ್ದರೆ, ಮರಳಿ ಬರುವ ಸ್ಥಿತಿ ಮೊದಲಿಗಿಂತ ಕೆಟ್ಟದಾಗಿಯೂ ಇರಬಹುದು.

ಈ ಅಂತರವನ್ನು ತುಂಬುವುದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಇದು ಉರಿಯೂತವನ್ನೇ ತಗ್ಗಿಸುತ್ತದೆ. ಪ್ರತಿ ಕಿಲೋಗ್ರಾಂಗೆ 0.15ರಿಂದ 0.6 ಮಿ.ಗ್ರಾಂವರೆಗೆ ಒಂದೇ ಬಾರಿ ನೀಡಲಾಗುತ್ತದೆ. ತೀವ್ರ ಕ್ರೂಪ್‌ನಲ್ಲಿ 0.6 ಮಿ.ಗ್ರಾಂ ಹೆಚ್ಚು ರೂಢಿ. ನುಂಗಬಲ್ಲ ಮಗುವಿಗೆ ಬಾಯಿಯ ಮೂಲಕವೂ, ನುಂಗಲಾರದ ಅಥವಾ ವಾಂತಿ ಮಾಡಿಕೊಳ್ಳುವ ಮಗುವಿಗೆ ಚುಚ್ಚುಮದ್ದಿನ ಮೂಲಕವೂ ನೀಡಬಹುದು. ಇದರ ಪರಿಣಾಮ ಆರಂಭವಾಗಲು ಸುಮಾರು ಎರಡು ಗಂಟೆ ಬೇಕು. ಆದರೆ ಅದು ಒಂದು ದಿನಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ.

ಹೀಗೆ ಇಲ್ಲಿ ಎರಡು ಔಷಧಗಳ ಎರಡು ಕಾಲಮಾನಗಳಿವೆ. ಒಂದು ಬೇಗ ಬಂದು ಬೇಗ ಹೋಗುತ್ತದೆ. ಇನ್ನೊಂದು ತಡವಾಗಿ ಬಂದು ಬಹಳ ಹೊತ್ತು ನಿಲ್ಲುತ್ತದೆ. ಎರಡನೆಯ ಗಂಟೆಯ ಆಸುಪಾಸಿನಲ್ಲಿ ಮೊದಲನೆಯದು ಕೈಬಿಡುತ್ತದೆ, ಎರಡನೆಯದು ಕೈಹಿಡಿಯಬೇಕಾಗುತ್ತದೆ. ಅದು ಹಿಡಿಯಿತೇ ಇಲ್ಲವೇ ಎಂಬುದು ಮೂರನೆಯ ಮತ್ತು ನಾಲ್ಕನೆಯ ಗಂಟೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಗಮನಿಸುವ ಅವಧಿಗೆ ಆಧಾರ ಇದೇ. ಸ್ಟೀರಾಯ್ಡನ್ನು ಅಡ್ರಿನಲಿನ್ ಮುಗಿದ ಮೇಲೆ ಕೊಡೋಣವೆಂದು ತಡಮಾಡದೆ ಜೊತೆಯಲ್ಲಿಯೇ ನೀಡುವುದೂ ಈ ಕಾರಣದಿಂದಲೇ. ಸ್ಟೀರಾಯ್ಡ್ ಒಂದು ಗಂಟೆ ತಡವಾದರೆ ಆಸರೆಯಿಲ್ಲದ ಅವಧಿಯೂ ಒಂದು ಗಂಟೆ ಬೆಳೆಯುತ್ತದೆ.

## ಒಂದು ಉದಾಹರಣೆ

ಲೆಕ್ಕ ಮತ್ತು ಕಾಲಕ್ರಮವನ್ನು ವಿವರಿಸಲು ಕಲ್ಪಿಸಿಕೊಂಡ ಪ್ರಸಂಗವೊಂದನ್ನು ಇಲ್ಲಿ ನೀಡಲಾಗಿದೆ. ಹತ್ತು ತಿಂಗಳ, 8 ಕಿಲೋಗ್ರಾಂ ತೂಕದ ಮಗುವನ್ನು ರಾತ್ರಿ 1 ಗಂಟೆಗೆ ಆಸ್ಪತ್ರೆಗೆ ಕರೆತರಲಾಗಿದೆ. ತಾಯಿಯ ತೊಡೆಯ ಮೇಲಿದ್ದರೂ ಉಸಿರಿನ ಸದ್ದು ಕೇಳುತ್ತಿದೆ, ಎದೆ ಆಳವಾಗಿ ಒಳಸೇದುತ್ತಿದೆ, ಗಾಳಿಯ ಒಳಹರಿವು ತಗ್ಗಿದೆ. ಮಗು ಚಡಪಡಿಸುತ್ತಿದೆ, ಮೊಲೆ ಕುಡಿಯಲಾಗುತ್ತಿಲ್ಲ. ಮೈಬಣ್ಣ ನೀಲಿಗಟ್ಟಿಲ್ಲ.

ಅಡ್ರಿನಲಿನ್ ಪ್ರಮಾಣ 8 × 0.5 = 4 ಮಿ.ಲೀ.; ಅಂದರೆ 1 ಮಿ.ಲೀ.ನ ನಾಲ್ಕು ಆಂಪ್ಯೂಲ್‌ಗಳು. ಡೆಕ್ಸಾಮೆಥಾಸೋನ್ ಪ್ರಮಾಣ 8 × 0.6 = 4.8 ಮಿ.ಗ್ರಾಂ, ಪ್ರತಿ ಮಿ.ಲೀ.ಗೆ 4 ಮಿ.ಗ್ರಾಂ ಇರುವ ದ್ರಾವಣವಾದರೆ 1.2 ಮಿ.ಲೀ. ಅಡ್ರಿನಲಿನ್ 1 ಗಂಟೆ 10 ನಿಮಿಷಕ್ಕೆ ಆರಂಭವಾಗುತ್ತದೆ. ಉಸಿರಾಟ ಸ್ವಲ್ಪ ಹಗುರವಾಗಿ ಮಗು ನುಂಗಬಲ್ಲದು ಎಂದು ಕಂಡ ಕೂಡಲೇ, 1 ಗಂಟೆ 25 ನಿಮಿಷಕ್ಕೆ, ಡೆಕ್ಸಾಮೆಥಾಸೋನ್ ಬಾಯಿಗೆ ಹಾಕಲಾಗುತ್ತದೆ.

1 ಗಂಟೆ 40 ನಿಮಿಷಕ್ಕೆ ಸದ್ದು ನಿಂತಿದೆ, ಮಗು ಮೊಲೆ ಕುಡಿಯುತ್ತಿದೆ. 3 ಗಂಟೆ 10 ನಿಮಿಷದ ಹೊತ್ತಿಗೆ ಅಡ್ರಿನಲಿನ್ ಪರಿಣಾಮ ಮುಗಿದಿರುತ್ತದೆ. 3 ಗಂಟೆ 20 ನಿಮಿಷಕ್ಕೆ ಮಗು ಅತ್ತಾಗ ಸದ್ದು ಮತ್ತೆ ಕೇಳಿಸುತ್ತದೆ. ಸಮಾಧಾನಗೊಂಡಾಗ ಕೇಳಿಸುವುದಿಲ್ಲ, ಎದೆಯೂ ಒಳಸೇದುತ್ತಿಲ್ಲ. ಇದು ಸ್ವಲ್ಪ ಊತ ಮರಳಿದೆ ಎಂಬುದರ ಸೂಚನೆ. ಆದರೆ ಮತ್ತೆ ಅಡ್ರಿನಲಿನ್ ನೀಡುವಷ್ಟಿಲ್ಲ. ಡೆಕ್ಸಾಮೆಥಾಸೋನ್ ಕೆಲಸ ಆರಂಭಿಸುವ ಹೊತ್ತೂ ಇದೇ. 5 ಗಂಟೆ 10 ನಿಮಿಷಕ್ಕೆ, ಅಂದರೆ ನಾಲ್ಕು ಗಂಟೆಗಳ ಬಳಿಕ, ಮಗು ನಿದ್ರೆಯಲ್ಲಿ ಸದ್ದಿಲ್ಲದೆ, ಎದೆ ಒಳಸೇದದೆ ಉಸಿರಾಡುತ್ತಿದೆ. ಎಬ್ಬಿಸಿದಾಗ ಚೆನ್ನಾಗಿ ಎಚ್ಚರಗೊಂಡು ಹಾಲು ಕುಡಿಯುತ್ತದೆ. ಈ ಮಗುವನ್ನು ಮನೆಗೆ ಕಳುಹಿಸಬಹುದು.

ಇದೇ ಮಗುವಿಗೆ 3 ಗಂಟೆ 20 ನಿಮಿಷಕ್ಕೆ ಶಾಂತವಾಗಿರುವಾಗಲೂ ಸದ್ದು ಮತ್ತು ಎದೆಯ ಒಳಸೇದುವಿಕೆ ಮರಳಿದ್ದರೆ, 4 ಮಿ.ಲೀ. ಅಡ್ರಿನಲಿನ್ ಮತ್ತೊಮ್ಮೆ ನೀಡಬೇಕಾಗುತ್ತಿತ್ತು. ಎರಡನೆಯ ಬಾರಿ ಅಗತ್ಯವಾದ ಮಗುವನ್ನು ಸಾಮಾನ್ಯವಾಗಿ ಒಳರೋಗಿಯಾಗಿ ದಾಖಲಿಸಿಕೊಳ್ಳಲಾಗುತ್ತದೆ. ಅರ್ಧ ಗಂಟೆಯ ಒಳಗೆಯೇ ಮತ್ತೆ ಬೇಕಾದರೆ ತೀವ್ರ ನಿಗಾ ಘಟಕದ ಹಾಗೂ ಅರಿವಳಿಕೆ ವೈದ್ಯರ ನೆರವು ಅವಶ್ಯಕ. ಶ್ವಾಸನಾಳಕ್ಕೆ ನಳಿಗೆ ತೂರಿಸಬೇಕಾದ ಸಂದರ್ಭ ಬರಬಹುದು. ಊತದ ಕಾರಣ ಆ ವಯಸ್ಸಿಗೆ ತಕ್ಕುದಕ್ಕಿಂತ ಕಿರಿದಾದ ನಳಿಗೆಯನ್ನು ಸಿದ್ಧವಾಗಿರಿಸಿಕೊಳ್ಳಲಾಗುತ್ತದೆ.

## ಗಮನಿಸುವಾಗ ನೋಡುವುದೇನು

ಮುಖ್ಯವಾಗಿ ನೋಡಬೇಕಾದುದು ಶಾಂತವಾಗಿರುವ ಮಗುವಿನ ಉಸಿರಾಟವನ್ನು. ಸದ್ದು ಇದೆಯೇ, ಎದೆ ಒಳಸೇದುತ್ತಿದೆಯೇ, ಎದೆಯ ಎರಡೂ ಬದಿ ಗಾಳಿ ಚೆನ್ನಾಗಿ ತುಂಬುತ್ತಿದೆಯೇ, ಮಗು ಸುತ್ತಮುತ್ತ ಆಸಕ್ತಿ ತೋರುತ್ತಿದೆಯೇ ಎಂಬುದನ್ನು ಮತ್ತೆಮತ್ತೆ ಪರಿಶೀಲಿಸಲಾಗುತ್ತದೆ.

ಸದ್ದು ಕಡಿಮೆಯಾಗುವುದು ಯಾವಾಗಲೂ ಶುಭಸೂಚನೆಯಲ್ಲ. ಸದ್ದು ಹೊರಡಲು ಗಾಳಿ ರಭಸದಿಂದ ಹರಿಯಬೇಕು. ಉಸಿರಿಗಾಗಿ ಹೆಣಗಿ ಸೋತ ಮಗುವಿನಲ್ಲಿ ಹರಿವೇ ಕುಗ್ಗುವುದರಿಂದ ಸದ್ದೂ ಕುಗ್ಗುತ್ತದೆ. ಸದ್ದು ಇಳಿದಾಗ ಮಗುವಿನ ಮುಖದಲ್ಲಿ ಗೆಲುವು ಕಂಡು, ಎದೆ ಸರಾಗವಾಗಿ ಏರಿಳಿದರೆ ಅದು ಸುಧಾರಣೆ. ಸದ್ದು ಇಳಿದಾಗ ಮಗು ಮಂಕಾಗಿ, ಬಿಳಿಚಿಕೊಂಡು, ಎದೆಯ ಚಲನೆಯೂ ಕ್ಷೀಣಿಸಿದ್ದರೆ ಅದು ಉಸಿರಾಟ ನಿಲ್ಲುವ ಮುನ್ಸೂಚನೆ. ಬೆರಳಿಗೆ ಹಾಕುವ ಆಮ್ಲಜನಕ ಮಾಪಕವನ್ನು ಮಾತ್ರ ನಂಬುವಂತಿಲ್ಲ. ಶ್ವಾಸಕೋಶ ಚೆನ್ನಾಗಿರುವುದರಿಂದ, ದಾರಿ ಬಹಳ ಕಿರಿದಾಗುವ ತನಕ ಅದರ ಅಂಕಿ ಸಹಜವಾಗಿಯೇ ಇರಬಹುದು.

ಔಷಧದ ಅಡ್ಡಪರಿಣಾಮಗಳನ್ನೂ ಈ ಅವಧಿಯಲ್ಲಿ ಗಮನಿಸಲಾಗುತ್ತದೆ. ಹೃದಯ ಬಡಿತ ಹೆಚ್ಚುವುದು, ಬಾಯಿಯ ಸುತ್ತ ಬಿಳಿಚಿಕೊಳ್ಳುವುದು, ಕೈ ನಡುಗುವುದು ಕಂಡುಬರಬಹುದು. ಇವು ಸಾಮಾನ್ಯವಾಗಿ ತಾವಾಗಿಯೇ ಇಳಿಯುತ್ತವೆ. ಗಂಭೀರ ತೊಂದರೆ ಬಹಳ ಅಪರೂಪ. ಪದೇ ಪದೇ ರೇಸಿಮಿಕ್ ಅಡ್ರಿನಲಿನ್ ಪಡೆದ ಮಗುವೊಂದರಲ್ಲಿ ಹೃದಯ ಸ್ನಾಯುವಿಗೆ ಹಾನಿಯಾದ ಪ್ರಕರಣ 1999ರಲ್ಲಿ ವರದಿಯಾಗಿದೆ. ಮರುಪ್ರಮಾಣ ನೀಡುವಾಗ ಇಸಿಜಿ ಮೂಲಕ ಹೃದಯದ ಲಯವನ್ನು ನೋಡುತ್ತಿರುವುದು, ಹುಟ್ಟಿನಿಂದ ಹೃದ್ರೋಗವಿರುವ ಮಕ್ಕಳಲ್ಲಿ ವಿಶೇಷ ಎಚ್ಚರ ವಹಿಸುವುದು ಇದರಿಂದಾಗಿ ವಾಡಿಕೆಯಾಗಿದೆ.

## ಔಷಧಕ್ಕೆ ಮಣಿಯದಿದ್ದರೆ

ಅಡ್ರಿನಲಿನ್ ನೀಡಿದರೂ ಉಸಿರಾಟ ಹಗುರವಾಗದಿದ್ದರೆ, ರೋಗವು ಕ್ರೂಪ್ ಹೌದೇ ಎಂಬ ಪ್ರಶ್ನೆ ಏಳುತ್ತದೆ. ಗಮನಿಸುವ ಅವಧಿಯ ಇನ್ನೊಂದು ಪ್ರಯೋಜನ ಇದು. ತೀವ್ರ ಜ್ವರದಿಂದ ಬಳಲಿದ ಮಗುವಿನಲ್ಲಿ ಬ್ಯಾಕ್ಟೀರಿಯಾದಿಂದ ಉಂಟಾದ ಶ್ವಾಸನಾಳದ ಉರಿಯೂತವಿರಬಹುದು. ಅಲ್ಲಿ ದಾರಿಯನ್ನು ಮುಚ್ಚುವುದು ಊತದ ಜೊತೆಗೆ ದಪ್ಪನೆಯ ಕೀವು ಆದ್ದರಿಂದ ಅಡ್ರಿನಲಿನ್ ಹೆಚ್ಚು ಫಲ ನೀಡದು. ಜೊಲ್ಲು ಸುರಿಸುತ್ತ, ಮುಂದಕ್ಕೆ ಬಾಗಿ ಕುಳಿತು, ಕೆಮ್ಮದೆ ಇರುವ ಮಗುವಿನಲ್ಲಿ ಕಿರುನಾಲಿಗೆಯ ಕೆಳಗಿನ ಶ್ವಾಸಮಾರ್ಗದ ಮುಚ್ಚಳವು ಊದಿಕೊಂಡಿರಬಹುದು. ನೆಗಡಿ ಜ್ವರಗಳಿಲ್ಲದೆ, ತಿನ್ನುತ್ತಲೋ ಆಡುತ್ತಲೋ ಇದ್ದ ಮಗುವಿಗೆ ಹಠಾತ್ತನೆ ಬಂದ ಸದ್ದಾದರೆ ಶೇಂಗಾ ಬೀಜದಂತಹ ವಸ್ತು ಸಿಕ್ಕಿಕೊಂಡಿರುವ ಸಾಧ್ಯತೆಯಿದೆ. ಗಂಟಲುಮಾರಿ ಎಂಬ ಡಿಫ್ತೀರಿಯಾ ಭಾರತದಲ್ಲಿ ಪೂರ್ತಿ ಮರೆಯಾಗಿಲ್ಲ. ಲಸಿಕೆ ಪೂರ್ಣಗೊಳ್ಳದ ಮಗುವಿನ ಗಂಟಲಿನಲ್ಲಿ ಬೂದು ಬಣ್ಣದ ಪೊರೆ ಕಂಡರೆ ಅದನ್ನು ಶಂಕಿಸಬೇಕಾಗುತ್ತದೆ.

## ಮನೆಗೆ ಕಳುಹಿಸುವ ನಿರ್ಧಾರ

1970ರ ದಶಕದಿಂದ ಬಹುಕಾಲ, ಅಡ್ರಿನಲಿನ್ ಪಡೆದ ಪ್ರತಿ ಮಗುವನ್ನೂ ಆಸ್ಪತ್ರೆಗೆ ದಾಖಲಿಸಿಕೊಳ್ಳುವುದೇ ನಿಯಮವೆಂಬಂತಿತ್ತು. ಸ್ಟೀರಾಯ್ಡ್‌ನ ಪ್ರಯೋಜನ ಖಚಿತವಾಗಿ ಅದು ಎಲ್ಲೆಡೆ ಬಳಕೆಗೆ ಬಂದ ಮೇಲೆ, 1990ರ ದಶಕದ ಅಧ್ಯಯನಗಳು ಈ ನಿಯಮವನ್ನು ಸಡಿಲಿಸಿದವು. ಸ್ಟೀರಾಯ್ಡನ್ನೂ ಪಡೆದು, ಮೂರರಿಂದ ನಾಲ್ಕು ಗಂಟೆಗಳ ನಂತರವೂ ಚೆನ್ನಾಗಿರುವ ಮಗುವನ್ನು ಮನೆಗೆ ಕಳುಹಿಸುವುದು ಸುರಕ್ಷಿತವೆಂದು ಕಂಡುಬಂದಿತು. ಕೆಲವು ಮಾರ್ಗಸೂಚಿಗಳಲ್ಲಿ ಕನಿಷ್ಠ ಅವಧಿ ಎರಡು ಗಂಟೆ ಎಂದಿದೆ.

ಮನೆಗೆ ಕಳುಹಿಸುವಾಗ ಶಾಂತವಾಗಿರುವ ಮಗುವಿನಲ್ಲಿ ಉಸಿರಿನ ಸದ್ದು ಹಾಗೂ ಎದೆಯ ಒಳಸೇದುವಿಕೆ ಇರಕೂಡದು, ಮೈಬಣ್ಣ ಸಹಜವಾಗಿರಬೇಕು, ಮಗು ದ್ರವಾಹಾರ ಸೇವಿಸುತ್ತಿರಬೇಕು. ಬೊಗಳುವ ಕೆಮ್ಮು ಉಳಿದಿದ್ದರೆ ಅಡ್ಡಿಯಿಲ್ಲ. ಅದು ಇನ್ನೂ ಒಂದೆರಡು ದಿನ ಇರುತ್ತದೆ. ಆರು ತಿಂಗಳಿಗಿಂತ ಚಿಕ್ಕ ಮಗು, ಶ್ವಾಸಮಾರ್ಗ ಹುಟ್ಟಿನಿಂದಲೇ ಕಿರಿದಾಗಿರುವ ಅಥವಾ ಹಿಂದೆ ನಳಿಗೆ ತೂರಿಸಿಕೊಂಡಿದ್ದ ಮಗು, ಒಂದೇ ದಿನದಲ್ಲಿ ಎರಡನೆಯ ಬಾರಿ ಬಂದ ಮಗು, ಇವರನ್ನು ಹೆಚ್ಚು ಹೊತ್ತು ಇರಿಸಿಕೊಳ್ಳುವುದು ಉಚಿತ. ಮನೆ ದೂರದ ಹಳ್ಳಿಯಲ್ಲಿದ್ದು ರಾತ್ರಿ ವಾಹನ ಸಿಗುವಂತಿಲ್ಲದಿದ್ದರೆ, ಮಗು ಚೆನ್ನಾಗಿದ್ದರೂ ಬೆಳಗಿನವರೆಗೆ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಲು ಅದೊಂದೇ ಕಾರಣ ಸಾಕು.

ಮಕ್ಕಳ ಕೆಮ್ಮು ದಮ್ಮುಗಳಿಗೆ ಮನೆಯಲ್ಲಿಯೇ ನೆಬ್ಯುಲೈಸರ್ ಇಟ್ಟುಕೊಳ್ಳುವ ರೂಢಿ ಈಗ ಹೆಚ್ಚಾಗಿದೆ. ಆದರೆ ಅಡ್ರಿನಲಿನ್ ಮನೆಯಲ್ಲಿ ನೀಡುವ ಔಷಧವಲ್ಲ. ಅದರ ಪರಿಣಾಮ ಇಳಿದಾಗ ಮಗುವನ್ನು ನೋಡಿ ತೀರ್ಮಾನಿಸುವವರು, ಮತ್ತೆ ಔಷಧ ನೀಡಬಲ್ಲವರು, ಅಗತ್ಯವಾದರೆ ನಳಿಗೆ ತೂರಿಸಬಲ್ಲವರು ಹತ್ತಿರದಲ್ಲಿರಬೇಕು. ಮನೆಗೆ ಮರಳಿದ ಮಗುವಿಗೆ ಸುಮ್ಮನಿರುವಾಗಲೂ ಉಸಿರಿನ ಸದ್ದು ಕೇಳಿಸಿದರೆ, ಎದೆ ಒಳಸೇದಿದರೆ, ಹಾಲು ಕುಡಿಯಲಾಗದಿದ್ದರೆ, ಜೊಲ್ಲು ಸುರಿಸತೊಡಗಿದರೆ ಅಥವಾ ಮಗು ಮಂಕಾದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಭಾರತದಲ್ಲಿ ಆಂಬ್ಯುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡಬಹುದು.